ಸಹಾಯ ಬೇಕು: ಹಿಂದಿನವರು ಆಕ್ ಮಾಡಿಟ್ಟ ಅಲರ್ಟ್ ಈಗ ಯಾರದ್ದು?

ಈಗಷ್ಟೇ ಆನ್‌ಕಾಲ್ ನನ್ನ ಕೈಗೆ ಬಂತು. ಹ್ಯಾಂಡೋವರಲ್ಲಿ "ರೆಪ್ಲಿಕಾ ಡಿಸ್ಕ್ ಅಲರ್ಟ್ ಗೊತ್ತಿರೋದೇ, ಸೈಲೆನ್ಸ್ ಮಾಡಿದೀನಿ" ಅಂತ ಒಂದೇ ಸಾಲು, ಎಷ್ಟೊತ್ತಿನವರೆಗೆ ಅಂತ ಬರೆದೇ ಇಲ್ಲ, ಅದಕ್ಕೆ ನಾನೇ ನೋಡಿದೆ:

```
amtool silence query
```

ಟೈಮ್ ಯುಟಿಸಿಯಲ್ಲಿ ತೋರಿಸತ್ತೆ, ಲೆಕ್ಕ ಹಾಕಿದ್ರೆ ಇನ್ನು 40 ನಿಮಿಷಕ್ಕೆ ಮುಗಿಯತ್ತೆ, ಡಿಸ್ಕ್ ಬೇರೆ ಮೊದಲು 88% ಇದ್ದಿದ್ದು ಈಗ 91% ಆಗಿದೆ, ಹಾಗಾಗಿ ಸೈಲೆನ್ಸ್ ಮುಂದುವರಿಸಲ್ಲ, ಹೊಡ್ಕೊಳ್ಲಿ.

ತಲೆನೋವು ಇನ್ನೊಂದು. ಅದೇ ರೆಪ್ಲಿಕಾದ ಲ್ಯಾಗ್ ಅಲರ್ಟ್ ಪೇಜರ್‌ಡ್ಯೂಟಿಯಲ್ಲಿ ಹಿಂದಿನವರ ಹೆಸರಲ್ಲೇ ಆಕ್ ಆಗಿ ಕೂತಿದೆ. ಶಿಫ್ಟ್ ಬದಲಾದ್ರೂ ಓಪನ್ ಇನ್ಸಿಡೆಂಟ್ ತಾನಾಗಿ ನನಗೆ ಬರಲ್ಲ, ಆಕ್ ಆಗಿರೋದ್ರಿಂದ ಎಸ್ಕಲೇಟೂ ಆಗಲ್ಲ, ಆಕ್ ಟೈಮೌಟ್ ಇದ್ರೆ ಮಲಗಿರೋ ಅವರಿಗೇ ಪೇಜ್ ಹೋಗತ್ತೆ. ನನ್ನ ಹೆಸರಿಗೆ ರೀಅಸೈನ್ ಮಾಡ್ಕೊಂಡು ಆಮೇಲೆ ಅವರಿಗೆ ತಿಳಿಸ್ಲಾ, ಅಥವಾ ಮೊದಲು ಎಬ್ಬಿಸಿ ಏನು ಟ್ರೈ ಮಾಡಿದ್ರು ಕೇಳ್ಲಾ? ನಿಮ್ಮ ಟೀಮಲ್ಲಿ ಹೇಗೆ ಮಾಡ್ತೀರಾ?