sin 2x = cos(x + 15°): ಎರಡು ಕೋನ ಸಮ ಅಂತ ಬರೆದರೆ ತಾಳೆ ಬರ್ತಿಲ್ಲ, ಎಲ್ಲಿ ತಪ್ಪಿದೆ?

ಮೊದಲಹೆಜ್ಜೆ:
ಎಲ್ಲರಿಗೂ ನಮಸ್ಕಾರ. sin 2x = cos(x + 15°) ಆದರೆ x ಎಷ್ಟು ಅನ್ನೋದು ಲೆಕ್ಕ. ಎರಡೂ ಕಡೆ ಬೆಲೆ ಒಂದೇ, ಹಾಗಾದರೆ ಕೋನವೂ ಒಂದೇ ಅಂದುಕೊಂಡು 2x = x + 15 ಅಂತ ಬರೆದೆ. x = 15 ಬಂತು. ತಾಳೆ ನೋಡಿದರೆ sin 30° ಅಂದರೆ 0.5, cos 30° ಅಂದರೆ 0.866. ಸೇರಲೇ ಇಲ್ಲ.

ಗೆಳತಿ ಹೇಳಿದಳು, "ಎರಡನ್ನೂ ಕೂಡಿ 90 ಅಂತ ಇಡು" ಅಂತ. ಹಾಗೆ ಮಾಡಿದರೆ 3x + 15 = 90, x = 25. sin 50°, cos 40° ಎರಡೂ 0.7660. ಸರಿ ಬಂತು. ಆದರೆ ಯಾಕೆ ಕೂಡಬೇಕು? ಅವಳಿಗೂ ಗೊತ್ತಿಲ್ಲ. ಸುಮ್ನೆ ಬಾಯಿಪಾಠ ಮಾಡೋಕೆ ನನಗೆ ಮನಸ್ಸಿಲ್ಲ.

ಸಂಜೆಪಾಠ:
ನಿಮ್ಮ ಗೆಳತಿ ಹೇಳಿದ್ದೇ ಸರಿ. sin(90° − θ) = cos θ ಅನ್ನೋದು ಸೂತ್ರ. ಒಂದು ಕಡೆ ಸೈನ್, ಇನ್ನೊಂದು ಕಡೆ ಕಾಸ್ ಇದ್ದರೆ ಎರಡು ಕೋನಗಳ ಮೊತ್ತ 90 ಆಗಲೇಬೇಕು. ಬೇರೆ ದಾರಿಯೇ ಇಲ್ಲ. ನಾನು ಪಾಠ ಹೇಳುವಾಗಲೂ ಹೀಗೇ ಹೇಳಿಕೊಡೋದು.

ದುಂಡುಗೆರೆ:
"ಬೇರೆ ದಾರಿಯೇ ಇಲ್ಲ" ಅನ್ನೋ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಮೊದಲಹೆಜ್ಜೆಯವರ "ಯಾಕೆ".

ಒಂದು ಹಾಳೆ ತಗೊಳ್ಳಿ. ವಿಕರ್ಣ 10 ಸೆಂ.ಮೀ. ಇರೋ ಹಾಗೆ ಒಂದು ಲಂಬಕೋನ ತ್ರಿಭುಜ ಬರೆಯಿರಿ. ಒಂದು ಮೂಲೆ 40° ಇಡಿ. ಉಳಿದ ಮೂಲೆಯನ್ನು ನೀವು ಅಳೆಯಬೇಕಾಗಿಲ್ಲ, ಅದು ತಾನಾಗೇ 50° ಆಗುತ್ತೆ. ಈಗ ಉಳಿದೆರಡು ಬಾಹು ಅಳೆಯಿರಿ. ಉದ್ದದ್ದು ಹೆಚ್ಚುಕಡಿಮೆ 7.7, ಗಿಡ್ಡದ್ದು 6.4 ಸೆಂ.ಮೀ. ಬರುತ್ತೆ.

ಆ 7.7ರ ಬಾಹುವಿನ ಮೇಲೆ ಬೆರಳಿಡಿ. 50° ಮೂಲೆಯಲ್ಲಿ ಕೂತು ನೋಡಿದರೆ ಅದು ಎದುರಿಗಿದೆ. ಹಾಳೆ ತಿರುಗಿಸಿ 40° ಮೂಲೆಯಿಂದ ನೋಡಿ, ಅದೇ ಬಾಹು ಈಗ ಪಕ್ಕದಲ್ಲಿದೆ. ಬಾಹು ಬದಲಾಗಿಲ್ಲ, ವಿಕರ್ಣವೂ ಬದಲಾಗಿಲ್ಲ. ನೋಡುವ ಮೂಲೆ ಮಾತ್ರ ಬದಲಾಯ್ತು. ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಕ್ಕದ ಬಾಹುವನ್ನು ಭಾಗಿಸಿದರೆ ಕಾಸ್. ಹಾಗಾಗಿ sin 50° ಅಂತ ಬರೆದರೂ cos 40° ಅಂತ ಬರೆದರೂ ನೀವು ಬರೀತಾ ಇರೋದು ಅದೇ 7.7 ಭಾಗಿಸು 10. ಎರಡು ಬೆಲೆ ಹೇಗೋ ಹೊಂದಿಕೊಂಡಿದ್ದಲ್ಲ, ಇರೋದೇ ಒಂದು ಬೆಲೆ.

ಕೂಡಿದರೆ 90 ಬರೋದೂ ಇದಕ್ಕೇ. ತ್ರಿಭುಜದ 180ರಲ್ಲಿ ಲಂಬಕೋನ 90 ತಗೊಂಡುಬಿಡುತ್ತೆ, ಉಳಿದ ಎರಡು ಮೂಲೆಗೆ 90 ಮಾತ್ರ ಸಿಗೋದು.

ಹೆಸರಲ್ಲೇ ಇದು ಇದೆ. ನಮ್ಮ ಹಳೆಯ ಗಣಿತದಲ್ಲಿ ಸೈನ್‌ಗೆ ಜ್ಯಾ, ಕಾಸ್‌ಗೆ ಕೋಟಿಜ್ಯಾ ಅಂತಿದ್ದರು, ಅಂದರೆ ಪೂರಕ ಕೋನದ ಜ್ಯಾ. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ "ಕೋ ಸೈನಸ್" ಅಂತ ಬರೆದದ್ದೂ ಇದೇ ಅರ್ಥದಲ್ಲಿ. ಕಾಸ್ ಅನ್ನೋದು ಬೇರೆ ಎಲ್ಲಿಂದಲೋ ಬಂದದ್ದಲ್ಲ, ಅದು ಪಕ್ಕದ ಮೂಲೆಯ ಸೈನ್.

ಬೈಟುಕಾಳು:
ಇದನ್ನೇ ನಾನೂ ಕೇಳಬೇಕು ಅಂತಿದ್ದೆ! ನನ್ನ ಪೈಥಾನ್‌ನಲ್ಲಿ ಈ ಸೂತ್ರ ಕೆಲಸವೇ ಮಾಡ್ತಿಲ್ಲ.

```
import math
print(math.sin(90 - 35))   # -0.99976 ಹತ್ತಿರ
print(math.cos(35))        # -0.90369 ಹತ್ತಿರ
```

ಎರಡೂ ಒಂದೇ ಬರಬೇಕಿತ್ತು ಅಲ್ವಾ? ಪೂರಕ ಕೋನದ ನಿಯಮ ಕೆಲವು ಕೋನಕ್ಕೆ ಮಾತ್ರನಾ?

ದುಂಡುಗೆರೆ:
ನಿಯಮ ಸರಿ ಇದೆ, ಅಳತೆ ತಪ್ಪಿದೆ. `math.sin` ಡಿಗ್ರಿ ನೋಡಲ್ಲ, ರೇಡಿಯನ್ ನೋಡುತ್ತೆ. ಅದಕ್ಕೆ ಲಂಬಕೋನ ಅಂದರೆ 90 ಅಲ್ಲ, `math.pi / 2`. ನೀವು ಲಂಬಕೋನವೇ ಅಲ್ಲದ ಒಂದು ಸಂಖ್ಯೆಯಿಂದ ಕಳೆದಿದ್ದೀರಿ. 35° ಲಘುಕೋನ, ಅದರ ಕಾಸ್ ಋಣವಾಗಿ ಬರೋ ಹಾಗೇ ಇಲ್ಲ. ಮೈನಸ್ ಕಂಡ ಕೂಡಲೇ ಅನುಮಾನ ಬರಬೇಕು. ಹೀಗೆ ಬರೆಯಿರಿ:

```
a = math.radians(35)
print(math.sin(math.pi / 2 - a), math.cos(a))
```

ಎರಡೂ 0.8192 ಹತ್ತಿರ ಬರುತ್ತೆ. `==` ಹಾಕಿ ಹೋಲಿಸಬೇಡಿ, ಕೊನೆಯ ಅಂಕಿ ಒಮ್ಮೊಮ್ಮೆ ಆಚೀಚೆ ಆಗುತ್ತೆ. `math.isclose` ಬಳಸಿ.

ಎಲೆಮರೆ:
ಇಷ್ಟು ದೊಡ್ಡ ವಿವರಣೆ ಯಾಕೆ? sin(90 − θ) ಅನ್ನು ಬಿಡಿಸಿದರೆ sin 90 − sin θ, ಅಂದರೆ 1 − sin θ. ಅದೇ ಕಾಸ್ ಅಲ್ವಾ?

ಸಂಜೆಪಾಠ:
ಅಲ್ಲ. θ = 30° ಇಟ್ಟು ನೋಡಿ. 1 − 0.5 ಅಂದರೆ 0.5. cos 30° ಮಾತ್ರ 0.866. ಸೈನ್ ಅನ್ನೋದು ಆವರಣದ ಹೊರಗೆ ನಿಂತ ಗುಣಕ ಅಲ್ಲ, ಅದನ್ನು ಒಳಗೆ ಹಂಚೋಕೆ ಆಗಲ್ಲ. ಈ ತಪ್ಪನ್ನು ನಾನು ಉತ್ತರ ಪತ್ರಿಕೆಗಳಲ್ಲಿ ಬಹಳ ಸಲ ನೋಡಿದ್ದೀನಿ.

ದುಂಡುಗೆರೆಯವರೇ, ನನ್ನ ಮಾತಲ್ಲಿ ಏನು ತಪ್ಪು ಅಂತ ಹೇಳಿ.

ದುಂಡುಗೆರೆ:
ಸೂತ್ರ ತಪ್ಪಲ್ಲ ಸರ್. "ಆಗಲೇಬೇಕು" ಅನ್ನೋದು ಜಾಸ್ತಿ ಆಯ್ತು. ಅದೇ ಲೆಕ್ಕದಲ್ಲಿ x = 105° ಹಾಕಿ ನೋಡಿ. sin 210° = −0.5, cos 120° = −0.5. ಸರಿ ಬಂತು. ಆದರೆ 210 ಮತ್ತು 120 ಕೂಡಿದರೆ 330.

ಇಲ್ಲಿ ತ್ರಿಭುಜ ಸಾಲದು, ಅದರಲ್ಲಿ 210° ಮೂಲೆ ಕೂರಲ್ಲ. ತ್ರಿಜ್ಯ 1 ಇರೋ ವೃತ್ತ ಬರೆಯಿರಿ. ಅದರ ಮೇಲಿನ ಬಿಂದು ಅಡ್ಡಕ್ಕೆ ಎಷ್ಟು ದೂರ ಇದೆಯೋ ಅದು ಕಾಸ್, ಮೇಲಕ್ಕೆ ಎಷ್ಟಿದೆಯೋ ಅದು ಸೈನ್. ಈಗ ಹಾಳೆಯನ್ನು 45° ಗೆರೆಯ ಮೇಲೆ ಮಡಚಿ. ಅಡ್ಡ ಅಕ್ಷ ಹೋಗಿ ಲಂಬ ಅಕ್ಷದ ಮೇಲೆ ಕೂರುತ್ತೆ, ಅಡ್ಡ ದೂರ ಎತ್ತರ ಆಗುತ್ತೆ. 40°ಯ ಬಿಂದು 50°ಗೆ ಬರುತ್ತೆ. 120°ಯ ಬಿಂದು ಮಡಿಕೆಯಿಂದ 75° ಮೇಲಿತ್ತು, ಈಗ 75° ಕೆಳಗೆ, ಅಂದರೆ −30°ಗೆ ಬರುತ್ತೆ. ಹಾಗಾಗಿ cos 120° = sin(−30°). ಮಡಚೋಕೆ ಕೋನ ಲಘು ಆಗಿರಬೇಕು ಅಂತಿಲ್ಲ, ಅದಕ್ಕೇ ಸೂತ್ರ ಎಲ್ಲ ಕೋನಕ್ಕೂ ನಡೆಯುತ್ತೆ.

ಆದರೆ ಒಂದೇ ಎತ್ತರದಲ್ಲಿ ಸಾಮಾನ್ಯವಾಗಿ ವೃತ್ತದ ಮೇಲೆ ಎರಡು ಬಿಂದು ಸಿಗುತ್ತವೆ. −0.5 ಎತ್ತರ −30°ಯಲ್ಲೂ ಇದೆ, 210°ಯಲ್ಲೂ ಇದೆ. ಹಾಗಾಗಿ ಲೆಕ್ಕವನ್ನು sin 2x = sin(75° − x) ಅಂತ ಬರೆದುಕೊಂಡರೆ ಎರಡು ದಾರಿ ತೆರೆಯುತ್ತೆ. 2x = 75 − x ಅಂದರೆ x = 25. ಇಲ್ಲವೇ 2x = 180 − (75 − x) ಅಂದರೆ x = 105. ಇದಕ್ಕೆ 360ರ ಸುತ್ತುಗಳನ್ನೂ ಸೇರಿಸಿದರೆ 0 ಮತ್ತು 360ರ ನಡುವೆ ನಾಲ್ಕು ಉತ್ತರ: 25, 105, 145, 265.

ಸಂಜೆಪಾಠ:
145 ಹಾಕಿ ನೋಡಿದೆ. sin 290°, cos 160° ಎರಡೂ −0.9397. ಒಪ್ಪಿದೆ. "ಎರಡೂ ಲಘುಕೋನ ಆಗಿದ್ದರೆ" ಅನ್ನೋ ಮಾತನ್ನು ನಾನು ಸೇರಿಸಿ ಹೇಳಬೇಕಿತ್ತು. ಆದರೂ ಮೊದಲ ಸಲ ಕಲಿಯೋರಿಗೆ ನಾಲ್ಕು ಉತ್ತರ ತೋರಿಸಿದರೆ ಗೊಂದಲ ಆಗುತ್ತೆ ಅಂತಲೇ ನನ್ನ ಅಭಿಪ್ರಾಯ.

ದುಂಡುಗೆರೆ:
ನನಗೆ ಹಾಗನ್ನಿಸಲ್ಲ. ಷರತ್ತನ್ನು ಮೊದಲ ದಿನವೇ ಹೇಳಿಬಿಡಬೇಕು. ಆಮೇಲೆ ಬಿಡಿಸೋದು ಕಷ್ಟ.

ಮೊದಲಹೆಜ್ಜೆ:
ಹಾಳೆ ಮೇಲೆ ಬರೆದು ಅಳೆದೆ. ನನಗೆ 7.6 ಬಂತು, ಕೋನಮಾಪಕ ಸ್ವಲ್ಪ ಜರುಗಿರಬೇಕು. ಹಾಳೆ ತಿರುಗಿಸಿದಾಗ ಅದೇ ಗೆರೆ ಎದುರಿನಿಂದ ಪಕ್ಕಕ್ಕೆ ಬಂದದ್ದು ಕಣ್ಣಿಗೆ ಕಂಡಿತು. ನಾನು ಕೋನ ಸಮ ಅಂತ ಬರೆದಾಗ ಒಂದೇ ಮೂಲೆಯ ಎರಡು ಬೇರೆ ಬಾಹುಗಳನ್ನು ಸಮ ಅಂದಿದ್ದೆ ಅಂತ ಈಗ ಗೊತ್ತಾಯ್ತು. ಅದು 45°ಯಲ್ಲಿ ಮಾತ್ರ ನಿಜ ಆಗೋದು, ಅಲ್ವಾ?

ಇನ್ನೊಂದು ವಿಷಯ. ನನ್ನ ಹತ್ತಿರ ಇರೋದು ಪ್ರಶ್ನೆಯ ಫೋಟೋ, ಅದರ ಕೊನೆಯ ಸಾಲು ಕತ್ತರಿಸಿಹೋಗಿದೆ. ಅಲ್ಲಿ 2x ಲಘುಕೋನ ಅಂತ ಇತ್ತೋ ಇಲ್ಲವೋ ಗೊತ್ತಿಲ್ಲ. ಸದ್ಯಕ್ಕೆ 25 ಮತ್ತು 105 ಎರಡನ್ನೂ ಮಾಡಿಟ್ಟಿದ್ದೀನಿ. 265 ಹೇಗೆ ಬಂತು ಅಂತ ಇನ್ನೂ ಬಿಡಿಸ್ತಾ ಇದ್ದೀನಿ.