ಆ್ಯಪ್‌ಗೆ ಯಾವ ಇಮೇಲ್ ಕೊಟ್ಟಿದ್ದೆ ಅಂತ ನನಗೇ ಗೊತ್ತಿಲ್ಲ

ಪ್ರಶ್ನೆ, ಕಂಕನಾಡಿಯಿಂದ: ಒಂದು ಅಕೌಂಟಿಂಗ್ ಕೋರ್ಸ್ ಆ್ಯಪ್‌ಗೆ ಐಫೋನ್‌ನಲ್ಲಿ ಸೇರಿದ್ದೆ. ಈಗ ಆ ಫೋನ್ ಮಾರಿ ಆಂಡ್ರಾಯ್ಡ್ ತಗೊಂಡಿದ್ದೇನೆ. ನನ್ನ ಜಿಮೇಲ್ ಹಾಕಿದರೆ ಖಾತೆಯೇ ಇಲ್ಲ ಅಂತದೆ. ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದರೂ ಮೇಲ್ ಬರುವುದಿಲ್ಲ. ವರ್ಷದ ಶುಲ್ಕದ ರಸೀದಿ ಆಫೀಸಿಗೆ ಈ ತಿಂಗಳೊಳಗೆ ಕೊಡಬೇಕು. ಸಪೋರ್ಟ್‌ನವರು ನೋಂದಾಯಿಸಿದ ಇಮೇಲ್‌ನಿಂದಲೇ ಬರೆಯಿರಿ ಅಂತಾರೆ. ಎಂತ ಮಾಡುವುದು?

ಉತ್ತರ, ಹಂಪನಕಟ್ಟೆಯಲ್ಲಿ ಮೊಬೈಲ್ ಸರ್ವಿಸ್ ಮಾಡುವವರು: ಸೇರುವಾಗ Sign in with Apple ಒತ್ತಿ, ಕೆಳಗೆ Hide My Email ಆರಿಸಿದ್ದೀರಿ ಅಂತ ಕಾಣುತ್ತದೆ. ಹಾಗೆ ಮಾಡಿದರೆ ಆ್ಯಪ್‌ನವರಿಗೆ ನಿಮ್ಮ ಜಿಮೇಲ್ ಹೋಗುವುದೇ ಇಲ್ಲ. ಆಪಲ್ ಒಂದು ಅರ್ಥವಿಲ್ಲದ ವಿಳಾಸ ಹುಟ್ಟಿಸಿ ಕೊಡುತ್ತದೆ, ಅದರ ಬಾಲ `@privaterelay.appleid.com` ಅಂತ ಇರುತ್ತದೆ. ಆ್ಯಪ್‌ನ ಲೆಕ್ಕದಲ್ಲಿ ನೀವು ಅಂದರೆ ಆ ವಿಳಾಸ, ಅಷ್ಟೇ. ಅದಕ್ಕೆ ಬಂದ ಮೇಲನ್ನು ಆಪಲ್ ನಿಮ್ಮ ಜಿಮೇಲ್‌ಗೆ ಫಾರ್ವರ್ಡ್ ಮಾಡುತ್ತದೆ.

ಮೊದಲು ಜಿಮೇಲ್‌ನಲ್ಲಿ `privaterelay` ಅಂತ ಹುಡುಕಿ. ಅವರು ಕಳಿಸಿದ ಹಳೇ ಸ್ವಾಗತದ ಮೇಲ್ ಸಿಕ್ಕಿದರೆ To ಜಾಗದಲ್ಲಿ ಆ ವಿಳಾಸ ಇರುತ್ತದೆ. ಸಿಗದಿದ್ದರೆ ಯಾವ ಬ್ರೌಸರ್‌ನಲ್ಲಾದರೂ `account.apple.com` ತೆರೆಯಿರಿ. Sign-In and Security ಒಳಗೆ Sign in with Apple ಇದೆ, ಅಲ್ಲಿ ಆ್ಯಪ್‌ನ ಹೆಸರು ಒತ್ತಿದರೆ ವಿಳಾಸ ಕಾಣುತ್ತದೆ. ಫೋನ್ ಇಲ್ಲದಿದ್ದರೂ ಹಳೇ ನಂಬರ್ ನಿಮ್ಮ ಹತ್ತಿರ ಇದ್ದರೆ ಕೋಡ್ ಎಸ್ಸೆಮ್ಮೆಸ್‌ನಲ್ಲಿ ಬರುತ್ತದೆ.

ಅಲ್ಲಿ ಒಂದು ಜಾಗ್ರತೆ ಮಾರಾಯ್ರೆ. Stop using ಅಂತ ಒಂದು ಬಟನ್ ಇರುತ್ತದೆ, ಅದನ್ನು ಈಗ ಮುಟ್ಟಬೇಡಿ. ಫಾರ್ವರ್ಡ್ ಆಗುವುದು ಆಫ್ ಆಗಿದ್ದರೆ ಮಾತ್ರ ಆನ್ ಮಾಡಿ. ಆಫ್ ಇದ್ದಾಗ ಬಂದ ಮೇಲ್ ಎಲ್ಲೂ ಕಾದು ಕೂತಿರುವುದಿಲ್ಲ, ಹೋಯಿತು ಅಂದರೆ ಹೋಯಿತು.

ಸುರತ್ಕಲ್‌ನಿಂದ ಒಬ್ಬರು: ಸುಮ್ನೆ ಕಷ್ಟ. ಫೋನ್ ಮಾರಿದ ಮೇಲೆ ಆ ವಿಳಾಸ ಸತ್ತ ಹಾಗೆ. ಹೊಸ ಖಾತೆ ಮಾಡಿ.

ಹಂಪನಕಟ್ಟೆ: ಅರ್ಧ ಸರಿ ಅಣ್ಣ. ಅದು ಫೋನ್‌ಗೆ ಅಂಟಿದ್ದಲ್ಲ, ಆಪಲ್ ಖಾತೆಗೆ ಅಂಟಿದ್ದು. ಖಾತೆಯನ್ನೇ ಅಳಿಸಿದ್ದರೆ ಮಾತ್ರ ನಿಮ್ಮ ಮಾತು ಸರಿ. ಹೊಸ ಖಾತೆ ಮಾಡಿದರೆ ಕಟ್ಟಿದ ದುಡ್ಡು ಹಳೇದರಲ್ಲೇ ಉಳಿಯುತ್ತದೆ, ಅಲ್ವಾ?

ಉಡುಪಿಯ ಶಿಕ್ಷಕಿ: ನನ್ನದೂ ಇದೇ ಕಥೆ! ಇಮೇಲ್ ಅಡಗಿಸಲು ನಾನು ಫೈರ್‌ಫಾಕ್ಸ್ ರಿಲೇಯಲ್ಲಿ ಮಾಡಿದ ವಿಳಾಸ, ಸ್ಪ್ಯಾಮ್ ಜಾಸ್ತಿ ಆಯಿತು ಅಂತ ಅಳಿಸಿಬಿಟ್ಟೆ. ಆಪಲ್ ಸೈಟ್‌ನಲ್ಲಿ ಸಿಗುತ್ತದಾ?

ಹಂಪನಕಟ್ಟೆ: ಇಲ್ಲ ಟೀಚರ್, ಅದು ಬೇರೆ ಅಂಗಡಿ. ಅಲ್ಲಿ ಬ್ಲಾಕ್ ಮಾಡಿದ್ದನ್ನು ಮತ್ತೆ ತೆರೆಯಬಹುದು. ಅಳಿಸಿದ್ದು ವಾಪಸ್ ಬರುವುದಿಲ್ಲ. ಆ ಸೈಟ್‌ನವರಿಗೆ ದುಡ್ಡು ಕಟ್ಟಿದ ದಾಖಲೆ ತೋರಿಸಿ ಕೇಳಿ, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು.

ಕಂಕನಾಡಿ: ವಿಳಾಸ ಸಿಕ್ಕಿತು! ಸ್ವಾಗತದ ಮೇಲ್ ಪ್ರೊಮೋಷನ್ಸ್ ಒಳಗೆ ಬಿದ್ದಿತ್ತು. ಆದರೆ ಆ ವಿಳಾಸದಿಂದ ನಾನು ಮೇಲ್ ಬರೆಯುವುದು ಹೇಗೆ? ಅದಕ್ಕೆ ಪಾಸ್‌ವರ್ಡೇ ಇಲ್ಲವಲ್ಲ.

ಹಂಪನಕಟ್ಟೆ: ಹೊಸ ಮೇಲ್ ಬರೆದರೆ ಜಿಮೇಲ್‌ನ ಹೆಸರಲ್ಲೇ ಹೋಗುತ್ತದೆ. ಅದಕ್ಕೆ ಆ ಹಳೇ ಮೇಲ್‌ಗೇ ರಿಪ್ಲೈ ಒತ್ತಿ ಬರೆಯಿರಿ. ರಿಪ್ಲೈ ಆಪಲ್‌ನ ದಾರಿಯಲ್ಲಿ ಹೋಗಿ, ಅವರಿಗೆ ಆ ಅಡಗಿದ ವಿಳಾಸದಿಂದಲೇ ಬಂದ ಹಾಗೆ ಕಾಣುತ್ತದೆ. ಕಳಿಸಿದವರದ್ದು `noreply` ಆಗಿದ್ದರೆ ಮಾತ್ರ ಯಾರೂ ಓದುವುದಿಲ್ಲ. ಆಗ ಪಾಸ್‌ವರ್ಡ್ ಮರೆತಿದೆ ಒತ್ತಿ, ಜಿಮೇಲ್ ಬದಲು ಆ ಉದ್ದ ವಿಳಾಸವನ್ನು ಕಾಪಿ ಮಾಡಿ ಹಾಕಿ. ಕೈಯಲ್ಲಿ ಟೈಪ್ ಮಾಡಬೇಡಿ, ಒಂದಕ್ಷರ ತಪ್ಪಿದರೂ ಎಷ್ಟೋ ಸೈಟ್‌ಗಳು "ಖಾತೆ ಇದ್ದರೆ ಮೇಲ್ ಕಳಿಸಿದ್ದೇವೆ" ಅಂತಲೇ ಹೇಳುತ್ತವೆ, ತಪ್ಪಿದ್ದು ಗೊತ್ತೇ ಆಗುವುದಿಲ್ಲ.

ಕಂಕನಾಡಿ (ರಾತ್ರಿ): `noreply` ಆಗಿತ್ತು, ಆದರೆ ಪಾಸ್‌ವರ್ಡ್ ಮೇಲ್ 2 ನಿಮಿಷದಲ್ಲಿ ಬಂತು, ಒಳಗೆ ಹೋದೆ. ರಸೀದಿ ಮಾತ್ರ ಮತ್ತೆ ಕಳಿಸಿ ಅಂತ ಮೂರು ಸಲ ಒತ್ತಿದೆ, ಬರಲಿಲ್ಲ.

ಹಂಪನಕಟ್ಟೆ: ದುಡ್ಡು ಆಪ್ ಸ್ಟೋರ್ ಮೂಲಕ ಕಟ್ಟಿದ್ದಾ, ಯುಪಿಐನಲ್ಲಾ? ಆಪ್ ಸ್ಟೋರ್ ಆದರೆ ರಸೀದಿ ಆಪಲ್ಲೇ ಕಳಿಸಿರುತ್ತದೆ, ಈ ವಿಳಾಸಕ್ಕೂ ಅದಕ್ಕೂ ಸಂಬಂಧ ಇಲ್ಲ. `reportaproblem.apple.com` ನಲ್ಲಿ ನೋಡಿ.

ಕಂಕನಾಡಿ: ಯುಪಿಐ, ಅವರ ವೆಬ್‌ಸೈಟ್‌ನಲ್ಲಿ.

ಹಂಪನಕಟ್ಟೆ: ಹಾಗಾದರೆ ನನ್ನ ಅನುಮಾನ ಬೇರೆ. ಯಾವ ವಿಳಾಸದಿಂದ ಮೇಲ್ ಕಳಿಸುತ್ತೇವೆ ಅಂತ ಆ್ಯಪ್‌ನವರು ಆಪಲ್‌ನಲ್ಲಿ ಮೊದಲೇ ನೋಂದಾಯಿಸಬೇಕು. ಪಾಸ್‌ವರ್ಡ್ ಮೇಲ್ ಅವರದ್ದೇ ಡೊಮೇನ್‌ನಿಂದ ಬರುತ್ತದೆ. ಬಿಲ್ ಕಳಿಸುವ ಕೆಲಸ ಬೇರೆ ಕಂಪನಿಗೆ ಕೊಟ್ಟು, ಅದನ್ನು ನೋಂದಾಯಿಸಲು ಮರೆತಿದ್ದರೆ ಆ ಮೇಲ್ ದಾರಿಯಲ್ಲೇ ನಿಲ್ಲುತ್ತದೆ. ಇದು ನಿಮ್ಮ ಕೈಯಲ್ಲಿಲ್ಲ. ಪ್ರೊಫೈಲ್‌ನಲ್ಲಿ ಇಮೇಲನ್ನು ನಿಮ್ಮ ಜಿಮೇಲ್‌ಗೆ ಬದಲಿಸಿ, ಆಮೇಲೆ ರಸೀದಿ ಮತ್ತೆ ಕೇಳಿ.

ಕಂಕನಾಡಿ: ಬದಲಿಸಿದೆ. "ಈ ಇಮೇಲ್‌ನಲ್ಲಿ ಇನ್ನೊಂದು ಖಾತೆ ಇದೆ" ಅಂತದೆ. ಓ, ಮೊನ್ನೆ ಸಿಟ್ಟಿನಲ್ಲಿ ಜಿಮೇಲ್ ಹಾಕಿ ನಾನೇ ಒಂದು ಮಾಡಿದ್ದೆ!

ಹಂಪನಕಟ್ಟೆ: ಆ ಖಾಲಿ ಖಾತೆ ಅಳಿಸಿ, ನಾಳೆ ಹೇಳಿ.