ಸ್ಟೆಪ್ ಡೌನ್ ಮೆಥಡ್‌ಗೆ ಕನ್ನಡ ಏನು? ನಾಳೆ ಪ್ರಿಂಟಿಗೆ ಹೋಗತ್ತೆ

ಬಿಕಾಂ ಕಾಸ್ಟಿಂಗ್ ನೋಟ್ಸ್ ಕನ್ನಡಕ್ಕೆ ಮಾಡ್ತಿದೀನಿ, ಸೇವಾ ವಿಭಾಗಗಳ ಖರ್ಚನ್ನ ಉತ್ಪಾದನಾ ವಿಭಾಗಗಳಿಗೆ ಹಂಚೋ ಪಾಠದ ಎರಡು ಹೆಡಿಂಗಲ್ಲಿ ಸಿಕ್ಕಾಕೊಂಡೆ. ಡೈರೆಕ್ಟ್ ಮೆಥಡ್‌ಗೆ 'ನೇರ ವಿಧಾನ', ಸ್ಟೆಪ್ ಡೌನ್‌ಗೆ 'ಇಳಿಕೆ ವಿಧಾನ' ಅಂತ ಹಾಕಿದೀನಿ, ನಡಿಯತ್ತಾ? ಲೆಕ್ಕ ಇದು: ಮೇಂಟೆನೆನ್ಸ್ ಖರ್ಚು 1,00,000, ಕ್ಯಾಂಟೀನ್ ಖರ್ಚು 60,000. ಮೇಂಟೆನೆನ್ಸ್ ಕೆಲಸದಲ್ಲಿ ಕ್ಯಾಂಟೀನಿಗೆ 20%, ಮಶೀನ್ ಶಾಪಿಗೆ 50%, ಅಸೆಂಬ್ಲಿಗೆ 30%. ಕ್ಯಾಂಟೀನಲ್ಲಿ ಉಣ್ಣೋರು ಮೇಂಟೆನೆನ್ಸ್ 20 ಜನ, ಮಶೀನ್ ಶಾಪ್ 20, ಅಸೆಂಬ್ಲಿ 60.

— 'ಇಳಿಕೆ' ತಪ್ಪು. ಇಳಿಕೆ ಅಂದ್ರೆ ಬೆಲೆ ಇಳಿಕೆ, ಜ್ವರ ಇಳಿಕೆ. ಇಲ್ಲಿ ಖರ್ಚು ಕಮ್ಮಿ ಆಗ್ತಿದ್ಯಾ? 'ಮೆಟ್ಟು' ಅನ್ನೋ ಅಚ್ಚಗನ್ನಡ ಧಾತು ಇದೆ, ಅದರಿಂದ್ಲೇ ಮೆಟ್ಟಿಲು. 'ಮೆಟ್ಟಿಲು ಹಂಚಿಕೆ' ಅನ್ನಿ. 'ವಿಧಾನ' ಬೇಡ, 'ಬಗೆ' ಸಾಕು.

— ನಮ್ಮಲ್ಲಿ ಊಟದ ದುಡ್ಡು ಸಂಬಳದಲ್ಲೇ ಹಿಡ್ಕೋತಾರೆ, ಇದು ಅದೇನಾ?

— ಅಲ್ಲ ಸಾರ್, ಅದು ವಸೂಲಿ. ಅದನ್ನ ಕಳೆದು ಕಂಪನಿ ಮೇಲೆ ಉಳಿಯೋ ಖರ್ಚಿನ ಮಾತು ಇದು. ನಾನು ಕಾಸ್ಟಿಂಗಲ್ಲೇ ಇರೋನು, ಪದಕ್ಕಿಂತ ಮೊದಲು ಲೆಕ್ಕ ನೋಡಿ. ಡೈರೆಕ್ಟಲ್ಲಿ ಮೇಂಟೆನೆನ್ಸೂ ಕ್ಯಾಂಟೀನೂ ಒಬ್ಬರಿಗೊಬ್ಬರು ಮಾಡಿದ್ದನ್ನ ಮರೆತುಬಿಡ್ತೀವಿ, ಹಾಗಾಗಿ 1,00,000 ಅನ್ನು 5:3ಕ್ಕೆ, 60,000 ಅನ್ನು 1:3ಕ್ಕೆ ಒಡೆದ್ರೆ ಮಶೀನ್ ಶಾಪಿಗೆ 77,500, ಅಸೆಂಬ್ಲಿಗೆ 82,500. ಸ್ಟೆಪ್ ಡೌನಲ್ಲಿ ಮೇಂಟೆನೆನ್ಸ್ ಮೊದಲು ಹಂಚಿದ್ರೆ ಕ್ಯಾಂಟೀನಿಗೆ 20,000 ಬಂದು ಅದು 80,000 ಆಗತ್ತೆ, ಕೊನೆಗೆ ಮಶೀನ್ ಶಾಪ್ 70,000, ಅಸೆಂಬ್ಲಿ 90,000. ಒಂದ್ಸಲ ಹಂಚಿ ಖಾಲಿ ಮಾಡಿದ ಡಿಪಾರ್ಟ್‌ಮೆಂಟಿಗೆ ಮತ್ತೆ ಏನೂ ಬರಲ್ಲ, ಹುಡುಗರು ತಪ್ಪೋದು ಅಲ್ಲೇ. ಪದದಲ್ಲಿ ಸರದಿ ಕಾಣ್ಬೇಕು, 'ಸರದಿ ಹಂಚಿಕೆ' ನನ್ನ ಓಟು.

— ಏನೇ ಆಗ್ಲಿ ಸ್ಟೆಪ್ ಡೌನೇ ಹೆಚ್ಚು ಕರೆಕ್ಟ್ ಅಲ್ವಾ, ಒಂದು ಕಡೆ ಸೇವೆನಾದ್ರೂ ಲೆಕ್ಕಕ್ಕೆ ತಗೊಳತ್ತೆ.

— ಯಾವಾಗ್ಲೂ ಅಲ್ಲ. ಇದೇ ಅಂಕಿಗೆ ಎರಡೂ ಕಡೆ ಸೇವೆ ಹಿಡಿದು ಸಮೀಕರಣ ಬಿಡಿಸಿ, ಮಶೀನ್ ಶಾಪಿಗೆ 75,000 ಬರತ್ತೆ. ಡೈರೆಕ್ಟ್ 2,500 ತಪ್ಪಿತು, ಸ್ಟೆಪ್ ಡೌನ್ 5,000 ತಪ್ಪಿತು. ಕ್ಯಾಂಟೀನ್ ಮೊದಲು ಹಂಚಿದ್ರಂತೂ 82,000, ಅಸೆಂಬ್ಲಿಗಿಂತ ಇವರದ್ದೇ ಜಾಸ್ತಿ! ಯಾರು ಬೇರೆ ಸೇವಾ ವಿಭಾಗಕ್ಕೆ ಹೆಚ್ಚು ಕೊಡ್ತಾರೋ ಅವರು ಮೊದಲು ಅನ್ನೋದು ರೂಢಿ, ಇಲ್ಲಿ ಇಬ್ಬರದೂ 20%, ಅದಕ್ಕೇ ಖರ್ಚು ದೊಡ್ಡದಿರೋ ಮೇಂಟೆನೆನ್ಸಿಂದ ಶುರು ಮಾಡಿದೆ.

— 'ಸರದಿ' ಕನ್ನಡವೇ ಅಂತ ನೋಡ್ಕೊಂಡ್ರಾ?

— ಬಸ್ ಸ್ಟ್ಯಾಂಡಲ್ಲಿ 'ಸರದಿಯಲ್ಲಿ ನಿಲ್ಲಿ' ಅಂದ್ರೆ ನಿಲ್ತೀರಲ್ಲ, ಅಷ್ಟು ಸಾಕು. 'ಇಲಾಖೆ' ಅರಬ್ಬಿ ಮೂಲದ್ದು, ಅದನ್ನೂ ಬಿಡ್ತೀರಾ?

— ಬಿಡ್ತೀನಿ. ಅದು ಬೇರೆ ಚರ್ಚೆ.

— ಜಗಳ ಆಮೇಲೆ ಆಡಿ. 'ನೇರ ವಿಧಾನ'ದಲ್ಲೂ ಒಂದು ತೊಂದರೆ ಇದೆ, ಹುಡುಗರು ಅದನ್ನ 'ನೇರ ವೆಚ್ಚ'ದ ಜೊತೆ ಕಲಸಿಬಿಡ್ತಾರೆ. ಇಲ್ಲಿ ಹಂಚ್ತಿರೋದು ಪೂರ್ತಿ ಪರೋಕ್ಷ ವೆಚ್ಚ.

— ಥ್ಯಾಂಕ್ಸ್. 'ನೇರ ಹಂಚಿಕೆ', 'ಮೆಟ್ಟಿಲು ಹಂಚಿಕೆ' ಅಂತ ಹಾಕಿ, ಸರದಿ ವಿಷಯ ಮೊದಲ ಸಾಲಲ್ಲೇ ಬರೀತೀನಿ. ಕ್ಯಾಂಟೀನ್ ಮೊದಲು ಅನ್ನೋ ಲೆಕ್ಕನ ಅಭ್ಯಾಸಕ್ಕೆ ಕೊಡ್ತೀನಿ.

— 'ಅಭ್ಯಾಸ'ನೂ ಸಂಸ್ಕೃತ.